ಅಡೀನಿಯಂ ಬುಡ ಮೆತ್ತಗಾಗಿದೆಯಾ? ನಿದ್ದೆಯೋ ಕೊಳೆಯೋ, ಮೊದಲು ನೋಡಿ

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು ಬಾಲ್ಕನಿಗೆ ಹೋದೆ. ಅಡೀನಿಯಂ ಗಿಡದ ದಪ್ಪ ಬುಡವನ್ನು ಸುಮ್ಮನೆ ಬೆರಳಿನಿಂದ ಒತ್ತಿದೆ. ಕಲ್ಲಿನಂತಿದ್ದ ಬುಡ ಒಳಕ್ಕೆ ಹೋಯಿತು! ಪಕ್ಕದ ಗಿಡ ಒತ್ತಿದರೆ ಅದೂ ಮೆತ್ತಗೆ. ಎರಡರಲ್ಲೂ ಅರ್ಧಕ್ಕರ್ಧ ಎಲೆ ಉದುರಿತ್ತು. 'ಪಾಪ, ಬಾಯಾರಿರಬೇಕು' ಅಂದುಕೊಂಡು ಮಗ್ ತರಲು ಒಳಗೆ ಓಡಿದೆ.

ಇವು ಅಂಗಡಿಯಿಂದ ತಂದ ಗಿಡಗಳಲ್ಲ. ಎಂಟು ವರ್ಷದ ಹಿಂದೆ ಅಪ್ಪ ಬಳ್ಳಾರಿಯ ತಾರಸಿಯಲ್ಲಿ, ಒಂದೇ ಕಾಯಿಯ ಬೀಜದಿಂದ ಬೆಳೆಸಿದವು. ಜೋಡಿ ಕೊಂಬಿನಂತಿರುವ ಆ ಕಾಯಿ ಸಿಡಿದು ಬೀಜ ಗಾಳಿಗೆ ಹಾರಿಹೋಗಬಾರದು ಅಂತ ಅಪ್ಪ ಅದಕ್ಕೆ ದಾರ ಸುತ್ತಿದ್ದು ನನಗೆ ಚೆನ್ನಾಗಿ ನೆನಪಿದೆ. ಕಳೆದ ಮಾರ್ಚ್‌ನಲ್ಲಿ ಆ ಮನೆ ಮಾರಿ ಅಣ್ಣನ ಫ್ಲ್ಯಾಟಿಗೆ ಹೋಗುವಾಗ ಅಪ್ಪ ಉಳಿದ ಕುಂಡಗಳನ್ನೆಲ್ಲ ಅಕ್ಕಪಕ್ಕದವರಿಗೆ ಕೊಟ್ಟರು. ಈ ಎರಡು ಮಾತ್ರ ನನ್ನ ಜೊತೆ ಬೆಂಗಳೂರಿಗೆ ಬಂದವು.

ನೀರು ಹಾಕುವ ಮುಂಚೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದ್ದೇ ಒಳ್ಳೆಯದಾಯಿತು.

"ನೀರು ಹಾಕಬ್ಯಾಡವ್ವ. ಮಣ್ಣು ಹೆಂಗೈತಿ, ಮೊದಲು ಅದು ನೋಡು" ಅಂದರು.

ಮೆತ್ತಗಾಗುವುದೇಕೆ?

ಅಡೀನಿಯಂ ಅಥವಾ ಡೆಸರ್ಟ್ ರೋಸ್ ಆಫ್ರಿಕಾ ಮತ್ತು ಅರೇಬಿಯಾದ ಒಣ ಪ್ರದೇಶಗಳ ಗಿಡ. ಅದರ ಊದಿದ ಬುಡ ಅಂದರೆ ನೀರಿನ ಟ್ಯಾಂಕ್. ಮಳೆ ಬಂದಾಗ ತುಂಬಿಕೊಂಡು, ಬರದಿದ್ದಾಗ ಅದರಿಂದಲೇ ಖರ್ಚು ಮಾಡುತ್ತದೆ. ರಾತ್ರಿಯ ಉಷ್ಣಾಂಶ 15 ಡಿಗ್ರಿ ಹತ್ತಿರ ಇಳಿದಾಗ ಬೆಳವಣಿಗೆ ನಿಲ್ಲುತ್ತದೆ, ಎಲೆ ಹಳದಿಯಾಗಿ ಉದುರುತ್ತದೆ, ಬೇರು ನೀರು ಎಳೆಯುವುದನ್ನು ಬಹುಪಾಲು ಬಿಟ್ಟುಬಿಡುತ್ತದೆ. ಆದರೂ ಗಿಡ ಬದುಕಬೇಕಲ್ಲ, ಟ್ಯಾಂಕಿನ ನೀರು ಸ್ವಲ್ಪ ಸ್ವಲ್ಪವಾಗಿ ಖರ್ಚಾಗುತ್ತದೆ. ಬುಡ ಸ್ವಲ್ಪ ಗಾಳಿ ಹೋದ ಚೆಂಡಿನ ಥರ ಆಗುವುದು ಅದಕ್ಕೇ. ಇದು ನಿದ್ದೆ, ಕಾಯಿಲೆಯಲ್ಲ.

ತೊಂದರೆ ಶುರುವಾಗುವುದು ಇಲ್ಲಿಂದ. ಮಲಗಿರುವ ಬೇರಿಗೆ ನಾವು ಬೇಸಿಗೆಯ ಲೆಕ್ಕದಲ್ಲೇ ನೀರು ಹಾಕುತ್ತೇವೆ. ಕುಡಿಯುವವರಿಲ್ಲ, ನೀರು ಮಣ್ಣಲ್ಲೇ ನಿಲ್ಲುತ್ತದೆ. ತಂಪು, ತೇವ, ಗಾಳಿಯಿಲ್ಲದ ಮಣ್ಣಿನಲ್ಲಿ ಶಿಲೀಂಧ್ರಗಳು ಬೇರು ಹಿಡಿದು ಬುಡಕ್ಕೆ ಏರುತ್ತವೆ. ಆಗಲೂ ಬುಡ ಮೆತ್ತಗೇ ಆಗುತ್ತದೆ, ಎಲೆಯೂ ಹಳದಿಯಾಗಿಯೇ ಉದುರುತ್ತದೆ. ಹಾಗಾಗಿ ಎಲೆ ನೋಡಿ ಏನೂ ತೀರ್ಮಾನಿಸುವಂತಿಲ್ಲ.

ಅಪ್ಪ ಮಾಡಿಸಿದ ಪರೀಕ್ಷೆ

ಮೊದಲು ಮಣ್ಣು. ಉದ್ದನೆಯ ಬಿದಿರಿನ ಕಡ್ಡಿಯನ್ನು ಎರಡೂ ಕುಂಡದ ತಳದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದೆ. ಕಂಬಿ ಪಕ್ಕ ಮಣ್ಣಿನ ಕುಂಡದಲ್ಲಿದ್ದ ದೊಡ್ಡ ಗಿಡದ ಕಡ್ಡಿ ಒಣಗಿತ್ತು. ಬಾಗಿಲ ಪಕ್ಕದ ಚಿಕ್ಕ ಗಿಡದ ಕಡ್ಡಿ ಕಪ್ಪಗೆ, ಒದ್ದೆಯಾಗಿ ಬಂತು. ಚೆಂದ ಕಾಣಲಿ ಅಂತ ಅದರ ಪ್ಲಾಸ್ಟಿಕ್ ಕುಂಡವನ್ನು ನಾನೇ ತೂತಿಲ್ಲದ ಪಿಂಗಾಣಿ ಕುಂಡದೊಳಗೆ ಇಟ್ಟಿದ್ದೆ. ಎತ್ತಿ ನೋಡಿದರೆ ಕೆಳಗೆ ಎರಡು ಬೆರಳು ನೀರು!

ಆಮೇಲೆ ಬುಡ. ಒಂದೇ ಕಡೆ ಅಲ್ಲ, ಸುತ್ತಲೂ ಹೆಬ್ಬೆರಳಿನಿಂದ ಒತ್ತಬೇಕು. ದೊಡ್ಡ ಗಿಡ ಎಲ್ಲ ಕಡೆ ಒಂದೇ ಸಮ ಮೆತ್ತಗಿತ್ತು, ಹಳೆಯ ಆಲೂಗಡ್ಡೆಯ ಹಾಗೆ. ಸಿಪ್ಪೆ ಸ್ವಲ್ಪ ಸುಕ್ಕಾಗಿತ್ತು, ಆದರೆ ಬಣ್ಣ ಬದಲಾಗಿರಲಿಲ್ಲ, ಬೆರಳು ತೆಗೆದರೆ ಮತ್ತೆ ಮೊದಲಿನಂತಾಗುತ್ತಿತ್ತು. ಚಿಕ್ಕ ಗಿಡದಲ್ಲಿ ಮೂರು ಕಡೆ ಗಟ್ಟಿ, ಒಂದು ಕಡೆ ಮಾತ್ರ ಮಣ್ಣಿನ ಅಂಚಿನಲ್ಲಿ ಕಳಿತ ಸಪೋಟದಂತೆ ಪಿಚಕ್ ಅಂತಿತ್ತು. ಒತ್ತಿದ ಗುರುತು ಹಾಗೇ ಉಳಿಯಿತು, ಸಿಪ್ಪೆ ಜಾರಿ ಬಂತು, ಕೊಳೆತ ವಾಸನೆಯೂ ಬಂತು.

ಕೊನೆಗೆ ಉಗುರಿನಿಂದ ಸಿಪ್ಪೆಯನ್ನು ಚೂರು ಕೆರೆದೆ. ದೊಡ್ಡದರಲ್ಲಿ ಕೆಳಗೆ ಹಸಿರು ಕಂಡಿತು. ಚಿಕ್ಕದರ ಮೆತ್ತಗಿನ ಜಾಗದಲ್ಲಿ ಕಂಡದ್ದು ಕಂದು.

ಒಂದೇ ವಯಸ್ಸು, ಒಂದೇ ಕಾಯಿಯ ಬೀಜ, ಒಂದೇ ಬಾಲ್ಕನಿ. ಬದಲಾಗಿದ್ದು ಕುಂಡ ಮಾತ್ರ. ಆಫೀಸಿನಲ್ಲಿ ಬಗ್ ಹುಡುಕುವಾಗ ಇಷ್ಟು ಸ್ಪಷ್ಟವಾದ ಉತ್ತರ ನನಗೆ ಸಿಕ್ಕಿಲ್ಲ. ಒಣಮಣ್ಣು, ಸುತ್ತಲೂ ಮೆತ್ತಗೆ ಅಂದರೆ ನಿದ್ದೆ ಅಥವಾ ಬಾಯಾರಿಕೆ. ಒದ್ದೆಮಣ್ಣು, ಒಂದೇ ಕಡೆ ಮೆತ್ತಗೆ ಅಂದರೆ ಕೊಳೆ. ಮಣ್ಣು ಒದ್ದೆಯಿದ್ದೂ ಬುಡ ಎಲ್ಲ ಕಡೆ ಸುಕ್ಕಾಗಿದ್ದರೆ ಬೇರು ಸತ್ತು ನೀರು ಏರುತ್ತಿಲ್ಲ ಅಂತ ಅನುಮಾನಿಸಿ, ಗಿಡ ಕಿತ್ತೇ ನೋಡಬೇಕು.

ಕತ್ತರಿಸಿದ್ದು ಎಲ್ಲಿಯವರೆಗೆ?

ಚಿಕ್ಕ ಗಿಡ ಕಿತ್ತು ಮಣ್ಣು ತೊಳೆದೆ. ಅರ್ಧ ಬೇರು ಲೋಳೆಯಾಗಿತ್ತು, ಎಳೆದರೆ ಹೊರಸಿಪ್ಪೆ ಕಳಚಿ ಒಳಗಿನ ದಾರ ಮಾತ್ರ ಉಳಿಯುತ್ತಿತ್ತು. ಅಡೀನಿಯಂ ನಮ್ಮ ಕಣಗಿಲೆಯ ಕುಟುಂಬದ್ದು, ಹಾಲು ವಿಷ. ಅದಕ್ಕೇ ಗ್ಲೌಸ್ ಹಾಕಿಕೊಂಡೆ. ಮಕ್ಕಳು, ನಾಯಿ, ಬೆಕ್ಕು ಇದ್ದರೆ ಈ ಕೆಲಸದ ಹತ್ತಿರ ಬಿಡಬೇಡಿ.

ಹೊಸ ಬ್ಲೇಡಿಗೆ ಸ್ಪಿರಿಟ್ ಒರೆಸಿ ಮೊದಲ ಹೋಳು ತೆಗೆದೆ. ಕಂದು. ಮತ್ತೆ ಬ್ಲೇಡ್ ಒರೆಸಿ ಇನ್ನೊಂದು ಹೋಳು. ಈಗ ಬಿಳಿ, ಆದರೆ ನಡುವೆ ಕಂದು ಚುಕ್ಕೆಗಳು.

"ಇಷ್ಟು ಸಾಕಲ್ವಾಪ್ಪ? ಬುಡವೇ ಖಾಲಿ ಆಗ್ತಿದೆ."

"ಚುಕ್ಕೆ ಐತಲ್ಲ, ಅದು ಬಿಟ್ರೆ ವಾರದಾಗ ಮತ್ತ ಕೊಳೀತೈತಿ. ಕೊಯ್ಯಿ."

ಹಸಿ ಆಲೂಗಡ್ಡೆಯಂಥ ಶುಭ್ರ ಬಿಳಿ ಬರುವಷ್ಟರಲ್ಲಿ ಬುಡದ ಮೂರರಲ್ಲಿ ಒಂದು ಪಾಲು ಹೋಗಿತ್ತು. ಅಪ್ಪ ಆಚೆ ಕಡೆ ಏನೂ ಮಾತಾಡಲಿಲ್ಲ. ನನಗೂ ಮುಖ ಎತ್ತಿ ಸ್ಕ್ರೀನ್ ನೋಡಲು ಆಗಲಿಲ್ಲ.

ಹಾಲು ತೊಳೆದು ಒರೆಸಿ, ಗಾಯಕ್ಕೆ ಶಿಲೀಂಧ್ರನಾಶಕ ಪುಡಿ ಹಚ್ಚಿ, ಗಾಳಿಯಾಡುವ ನೆರಳಿನಲ್ಲಿ ಪೇಪರ್ ಮೇಲೆ ಮಲಗಿಸಿದೆ. ಗಾಯ ಕಾರ್ಕಿನಂತೆ ಒಣಗುವವರೆಗೆ ನೆಡಬಾರದು. ತಂಪಿನಲ್ಲಿ ಇದು ನಿಧಾನ, ನನಗೆ 12 ದಿನ ಹಿಡಿಯಿತು. ಆಮೇಲೆ ಅರ್ಧ ದಪ್ಪ ಮರಳು ಮತ್ತು ಇಟ್ಟಿಗೆ ಚೂರು, ಉಳಿದರ್ಧ ಮಣ್ಣು ಮತ್ತು ಗೊಬ್ಬರದ ಒಣ ಮಿಶ್ರಣದಲ್ಲಿ, ತೂತಿರುವ ಮಣ್ಣಿನ ಕುಂಡಕ್ಕೆ ನೆಟ್ಟೆ. ಹತ್ತು ದಿನ ಹನಿ ನೀರೂ ಇಲ್ಲ.

ಈ ಚಿಕಿತ್ಸೆಗೂ ಮಿತಿ ಇದೆ. ಕೊಳೆ ಬುಡವನ್ನೆಲ್ಲ ದಾಟಿ ಕೊಂಬೆಗಳ ಬುಡಕ್ಕೆ ಬಂದಿದ್ದರೆ ಬುಡ ಉಳಿಯುವುದಿಲ್ಲ. ಆರೋಗ್ಯವಿರುವ ಕೊಂಬೆ ಕತ್ತರಿಸಿ, ಒಣಗಿಸಿ ನೆಡಬಹುದು. ಆದರೆ ಕೊಂಬೆಯಿಂದ ಬಂದ ಗಿಡಕ್ಕೆ ಬೀಜದ ಗಿಡದಂಥ ದುಂಡನೆ ಬುಡ ಬರುವುದು ಅಪರೂಪ.

ದೊಡ್ಡ ಗಿಡಕ್ಕೆ ಮಾಡಿದ್ದು ಬಹುತೇಕ ಏನೂ ಇಲ್ಲ. ಹೆಚ್ಚು ಬಿಸಿಲು ಬೀಳುವ ಕಡೆ ಸರಿಸಿದೆ. ಸುಕ್ಕು ಜಾಸ್ತಿಯಾದಾಗ ಮೂರು ವಾರಕ್ಕೊಮ್ಮೆ ಬಿಸಿಲೇರಿದ ಮೇಲೆ ಅರ್ಧ ಲೋಟ ನೀರು, ಅಷ್ಟೇ. ಫೆಬ್ರವರಿ ಕೊನೆಗೆ ಸೆಕೆ ಶುರುವಾಗಿ ತುದಿಯಲ್ಲಿ ಚಿಗುರು ಕಂಡ ಮೇಲೆ ಪೂರ್ತಿ ನೀರು ಕೊಟ್ಟೆ. ಐದನೇ ದಿನ ಒತ್ತಿದರೆ ಮತ್ತೆ ಕಲ್ಲು!

ಚಿಕ್ಕದು ಮಾರ್ಚ್ ಎರಡನೇ ವಾರದವರೆಗೆ ಕಾಯಿಸಿತು. ಒಂದು ಬೆಳಿಗ್ಗೆ ಸಾಸಿವೆ ಕಾಳಿನಷ್ಟು ಹಸಿರು ಕಂಡಿತು. ಫೋಟೋ ತೆಗೆದು ಕಳಿಸಿದೆ. ಐದು ನಿಮಿಷಕ್ಕೆ ಅಪ್ಪನ ವಾಯ್ಸ್ ಮೆಸೇಜ್ ಬಂತು: "ಆ ಪಿಂಗಾಣಿ ಕುಂಡ ಯಾರಿಗರೆ ಕೊಟ್ಟುಬಿಡವ್ವ."

ಕೊಟ್ಟಿಲ್ಲ. ಈಗ ಅದರಲ್ಲಿ ಅಡುಗೆಮನೆಯ ಸೌಟು, ಲಟ್ಟಣಿಗೆ ಇಟ್ಟಿದ್ದೇನೆ.