ಸೂರ್ಯನಿಲ್ಲದ ಸೂರ್ಯೋದಯ

ಕಥೆ ಸಣ್ಣದು. ಮಲ್ಪೆಯ ಒಬ್ಬ ಹಿರಿಯ ಮೀನುಗಾರ. 2021ರ ಮೇ 15ರಂದು ತೌಕ್ತೆ ಚಂಡಮಾರುತ ಕರಾವಳಿಯ ಪಕ್ಕದಲ್ಲೇ ಬಡಗು ದಿಕ್ಕಿಗೆ ಸಾಗುತ್ತಿದ್ದಾಗ ದಕ್ಕೆಯಲ್ಲಿ ನಿಂತು, ಅಳಿವೆಯ ಕಡೆ ಮುಖ ಮಾಡಿ ಫೋನಿನಲ್ಲಿ ಒಂದು ಫೋಟೊ ತೆಗೆದಿದ್ದಾರೆ. ಒಂದಕ್ಕೊಂದು ಒತ್ತಿಕೊಂಡು ನಿಂತ ಬೋಟುಗಳು, ಮೇಲೆ ಬೂದಿ ಬಣ್ಣದ ಆಕಾಶ, ಕೆಳಗೆ ಅದೇ ಬಣ್ಣದ ನೀರು. ಚಿತ್ರ ಬಿಡಿಸುವ ಹುಚ್ಚಿರುವ ಪುಳ್ಳಿ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಅದರ ಮೇಲೆಯೇ ಬಣ್ಣ ಹಚ್ಚಿ, ತಿಳಿಯಾದ ಬೆಳಗೊಂದನ್ನು ಮೂಡಿಸುತ್ತಾಳೆ. ಬೋಟುಗಳ ಹಿಂದೆ, ಕಡಲ ಅಂಚಿನಲ್ಲಿ, ಕೆಂಪಗೆ ದುಂಡಗಿನ ಸೂರ್ಯ. ಅಜ್ಜ ಅದನ್ನು ನೋಡಿ ನಗುತ್ತಾರೆ: “ನಮ್ಮಲ್ಲಿ ಸೂರ್ಯ ಕಡಲಿಗೆ ಇಳಿಯುದು ಮಾರಾಯ್ತಿ, ಕಡಲಿಂದ ಹತ್ತುದಲ್ಲ.”

ಅಜ್ಜನ ಈ ಒಂದು ಮಾತಿನಿಂದ ಚಿತ್ರದ ಲೆಕ್ಕವೆಲ್ಲ ಬದಲಾಗುತ್ತದೆ. ಮಲ್ಪೆಯಲ್ಲಿ ಕಡಲು ಇರುವುದು ಪಡುವಣಕ್ಕೆ. ಸೂರ್ಯ ಹುಟ್ಟುವುದು ಉಡುಪಿಯ ಕಡೆಯಿಂದ, ತೆಂಗಿನ ತೋಟಗಳ ಮೇಲಿಂದ, ಅಂದರೆ ಫೋಟೊ ತೆಗೆದವರ ಬೆನ್ನ ಹಿಂದೆ. ಆ ಚೌಕಟ್ಟಿನೊಳಗೆ ಸೂರ್ಯ ಕಾಣಿಸುವುದು ಸಂಜೆ ಮಾತ್ರ. ಅದಕ್ಕೇ ಪುಳ್ಳಿ ಬರೆದದ್ದು ಊರಿನವರ ಕಣ್ಣಿಗೆ ಸೂರ್ಯಾಸ್ತ. ಅಲ್ಲಿ ಬೆಳಗನ್ನು ತರಬೇಕಾದರೆ ಸೂರ್ಯನನ್ನು ಬರೆಯದೆ, ಅವನ ಬೆಳಕು ಎಲ್ಲೆಲ್ಲಿ ಬೀಳುತ್ತದೆ ಎಂಬುದನ್ನು ಬರೆಯಬೇಕು. ಆಕಾಶವನ್ನು ಅಳಿಸಿ ಹೊಸ ಬಣ್ಣ ಬಳಿಯುವುದಕ್ಕಿಂತ ಇದು ಎಷ್ಟೋ ಪಾಲು ಕಷ್ಟ.

ಬಿರುಗಾಳಿಯ ಫೋಟೊ ಬೂದಿಯಾಗಿ ಕಾಣುವುದೇಕೆ ಎಂಬಲ್ಲಿಂದಲೇ ಶುರುಮಾಡಬೇಕು. ದಟ್ಟ ಮೋಡದ ನೀರಹನಿಗಳು ಬೆಳಕಿನ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ಸಮನೆ ಚದುರಿಸುತ್ತವೆ. ಬೆಳಕು ಒಂದು ದಿಕ್ಕಿನಿಂದ ಬರುವ ಬದಲು ಇಡೀ ಆಕಾಶದಿಂದ ಇಳಿಯುತ್ತದೆ. ಆಗ ಯಾವ ವಸ್ತುವಿಗೂ ಖಚಿತವಾದ ನೆರಳಿರುವುದಿಲ್ಲ. ಬೋಟಿನ ಮೂಡು ಬದಿಗೂ ಪಡು ಬದಿಗೂ ಹೊಳಪಿನಲ್ಲಿ ವ್ಯತ್ಯಾಸವಿರುವುದಿಲ್ಲ. ತಿಳಿ ಮುಂಜಾನೆಯಲ್ಲಿ ಇದು ತಿರುಗುಮುರುಗು. ಸೂರ್ಯ ದಿಗಂತದಲ್ಲಿದ್ದಾಗ ಅವನ ಬೆಳಕು ನೆತ್ತಿಯ ಮೇಲಿದ್ದಾಗಿನದಕ್ಕಿಂತ ಮೂವತ್ತಕ್ಕೂ ಹೆಚ್ಚು ಪಟ್ಟು ಗಾಳಿಯನ್ನು ದಾಟಿ ಬರುತ್ತದೆ. ದಾರಿಯಲ್ಲೇ ನೀಲಿ ಚದುರಿಹೋಗಿ ಹಳದಿ, ಕೆಂಪು ಉಳಿಯುತ್ತವೆ. ಬಿಸಿಲು ತಾಗಿದ ಕಡೆ ಹೊಂಬಣ್ಣ, ತಾಗದ ಕಡೆ ಆಕಾಶದ ನೀಲಿ. ಆದ್ದರಿಂದ ಮುಂಜಾನೆಯ ನೆರಳನ್ನು ಕಪ್ಪಿನಲ್ಲಿ ಬರೆದರೆ ಅದು ಸತ್ತಂತೆ ಕಾಣುತ್ತದೆ. ನೀಲಿ ಬೆರೆಸಿದ ಬೂದಿಯಲ್ಲಿ ಬರೆದರೆ ಬೆಳಗಾಗುತ್ತದೆ.

ಪುಳ್ಳಿ ಎರಡನೇ ಪ್ರಿಂಟ್ ಹಾಕಿಸುತ್ತಾಳೆ. ಈ ಸಲ ಹೊಳೆಯುವ ಕಾಗದ ಬೇಡ, ಮ್ಯಾಟ್ ಕಾಗದ ಎನ್ನುತ್ತಾಳೆ. ನುಣುಪು ಕಾಗದದ ಮೇಲೆ ನೀರುಬಣ್ಣ ಹನಿಹನಿಯಾಗಿ ಒಟ್ಟುಗೂಡುತ್ತದೆ. ಅಕ್ರಿಲಿಕ್ ಕೂತಂತೆ ಕಂಡರೂ ಒಣಗಿದ ಮೇಲೆ ಉಗುರು ತಾಗಿದರೆ ಹಾಳೆಯಂತೆ ಎದ್ದುಬರುತ್ತದೆ. ಕಾಗದ ಸರಿಯಾದರೂ ಇನ್ನೊಂದು ತೊಡಕು ಉಳಿಯುತ್ತದೆ. ತೆಳುಬಣ್ಣ ಕೆಳಗಿರುವುದನ್ನು ಇನ್ನಷ್ಟು ಕಪ್ಪಾಗಿಸಬಲ್ಲದೇ ಹೊರತು ಬೆಳಗಿಸಲಾರದು. ಮೊದಲ ಸಲ ಅವಳು ಬೂದಿ ಆಕಾಶದ ಮೇಲೆ ನೇರವಾಗಿ ತೆಳು ಹಳದಿ ಎಳೆದಿದ್ದಳು. ಮೋಡದ ಬೂದಿಯಲ್ಲಿ ನೀಲಿಯ ಛಾಯೆ ಇದ್ದದ್ದರಿಂದ ಹಳದಿ ಕೂಡಿ ಪಾಚಿಯ ಹಸಿರು ಬಂದಿತ್ತು. ಈಗ ಆಕಾಶದ ಭಾಗಕ್ಕೆ ಮೊದಲು ಬಿಳಿ ಅಕ್ರಿಲಿಕ್ ಹಚ್ಚಿ ಕೆಳಗಿನದನ್ನು ಪೂರ್ತಿ ಮುಚ್ಚುತ್ತಾಳೆ. ಅದು ಚೆನ್ನಾಗಿ ಒಣಗಿದ ಮೇಲೆ ಒಂದರ ಮೇಲೊಂದು ತೆಳುವಾದ ಬಣ್ಣ. ಬಿಳಿಗೆ ಪೋಸ್ಟರ್ ಕಲರ್ ಬಳಸಿದ್ದರೆ ಮೇಲಿನ ಬಣ್ಣದ ನೀರಿಗೆ ಅದು ಮತ್ತೆ ಕರಗಿ ಕಲಸಿಹೋಗುತ್ತಿತ್ತು.

ಬೋಟಿನ ಕಂಬ, ಹಗ್ಗ, ತಂತಿಗಳ ಸುತ್ತ ಬಿಳಿ ತುಂಬುವುದೇ ಅತಿ ನಾಜೂಕಿನ ಕೆಲಸ. ಕಂಬಕ್ಕೆ ತಾಗೀತೆಂದು ಹೆದರಿ ಕುಂಚವನ್ನು ಚೂರು ದೂರ ನಿಲ್ಲಿಸಿದರೆ, ಅಲ್ಲಿ ಹಳೆಯ ಆಕಾಶದ ಬೂದಿಗೆರೆ ಉಳಿದುಬಿಡುತ್ತದೆ. ಬಣ್ಣ ಹಚ್ಚಿದ ಫೋಟೊಗಳನ್ನು ಗುರುತಿಸುವವರು ಮೊದಲು ಕಣ್ಣಿಡುವುದು ಇಂಥ ಗೆರೆಗಳ ಮೇಲೆ. ಪುಳ್ಳಿ ಬಿಳಿಯನ್ನು ಸಣ್ಣ ಹಗ್ಗಗಳ ಮೇಲೆಯೇ ಹಾಯಿಸಿ, ಒಣಗಿದ ಮೇಲೆ ಮೂಲ ಫೋಟೊ ನೋಡಿಕೊಂಡು ಹಗ್ಗಗಳನ್ನು ಮತ್ತೆ ಎಳೆಯುತ್ತಾಳೆ.

ಇನ್ನು ಯಾವ ಕ್ಷಣದ ಬೆಳಗು? ಸೂರ್ಯ ಹುಟ್ಟುವುದಕ್ಕೆ ಸ್ವಲ್ಪ ಮುಂಚೆ ಪಡುವಣ ಕಡಲ ಮೇಲೆ ನೋಡಿದರೆ ದಿಗಂತಕ್ಕೆ ತಾಗಿ ಒಂದು ನೀಲಿಬೂದಿ ಪಟ್ಟಿ, ಅದರ ಮೇಲೆ ತೆಳು ಗುಲಾಬಿ ಪಟ್ಟಿ ಕಾಣುತ್ತದೆ. ಕೆಳಗಿನದು ಗಾಳಿಯ ಮೇಲೆ ಬಿದ್ದ ಭೂಮಿಯದೇ ನೆರಳು. ಸೂರ್ಯ ಮೇಲೇರಿದಂತೆ ಆ ನೆರಳು ಕೆಳಗಿಳಿದು ಕಡಲಂಚಿನಲ್ಲಿ ಮರೆಯಾಗುತ್ತದೆ. ಪಟ್ಟಿಗಳಿರುವ ಹೊತ್ತಿನಲ್ಲಿ ಬೋಟುಗಳಿಗೆ ಬಿಸಿಲಿಲ್ಲ. ಬೋಟುಗಳಿಗೆ ಬಿಸಿಲು ಬಂದಾಗ ಪಟ್ಟಿಗಳಿಲ್ಲ. ಎರಡನ್ನೂ ಒಂದೇ ಚಿತ್ರದಲ್ಲಿ ತುಂಬಿದರೆ ನೋಡುವವರಿಗೆ ಕಾರಣ ಹೇಳಲು ಬಾರದಿದ್ದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ. ಪುಳ್ಳಿ ಸೂರ್ಯ ಹುಟ್ಟಿ ಕಾಲು ಗಂಟೆಯಾದ ಮೇಲಿನ ಹೊತ್ತನ್ನು ಆರಿಸಿಕೊಳ್ಳುತ್ತಾಳೆ.

ಆಗ ಸೂರ್ಯ ದಿಗಂತದಿಂದ ಸುಮಾರು 3 ಡಿಗ್ರಿ ಮೇಲಿರುತ್ತಾನೆ. ಆ ಕೋನದಲ್ಲಿ ನೆರಳಿನ ಉದ್ದ ವಸ್ತುವಿನ ಎತ್ತರದ 19 ಪಟ್ಟು. ಅಜ್ಜ ಐದೂವರೆ ಅಡಿ ಎತ್ತರ ಎಂದಿಟ್ಟುಕೊಂಡರೆ ಅವರ ನೆರಳು ನೂರಡಿ ಮೀರಿ, ಅವರ ಮುಂದೆಯೇ ಚಿತ್ರದ ನಟ್ಟನಡುವೆ ಬೀಳಬೇಕು. ಆದರೆ ಹಿಂದೆ ತೆಂಗಿನ ಸಾಲಿದೆ. 50 ಅಡಿಯ ತೆಂಗುಗಳು ಬೋಟುಗಳಿಂದ 600 ಅಡಿ ಹಿಂದೆ ಇವೆ ಎಂದುಕೊಂಡರೆ, ಬೋಟುಗಳಿರುವ ಜಾಗದಲ್ಲಿ ನೆಲದಿಂದ ಸುಮಾರು 19 ಅಡಿಯವರೆಗೂ ಅವುಗಳ ನೆರಳೇ. ಬಿಸಿಲು ತಾಗುವುದು ಅದಕ್ಕಿಂತ ಮೇಲೆ, ಕಂಬಗಳ ತುದಿಗೆ ಮತ್ತು ಬಾವುಟಗಳಿಗೆ ಮಾತ್ರ. ಅಜ್ಜನ ನೆರಳೂ ತೆಂಗಿನ ನೆರಳಿನಲ್ಲಿ ಸೇರಿಹೋಗುತ್ತದೆ. ಹಾಗಾಗಿ ಅವಳ ಚಿತ್ರದಲ್ಲಿ ಹೊಂಬಣ್ಣ ಇರುವುದು ಬೆರಳೆಣಿಕೆಯಷ್ಟು ಕಡೆ. ಬೋಟಿನ ಮೈಯೆಲ್ಲ ತಣ್ಣನೆಯ ನೀಲಿಬೂದಿ, ಅಂದರೆ ಬಿರುಗಾಳಿಯ ಫೋಟೊದಲ್ಲಿ ಇದ್ದ ಬಣ್ಣಕ್ಕೆ ಬಹಳ ಹತ್ತಿರ. ಮೂಲ ಫೋಟೊದ ಕೆಳಗಿನ ಅರ್ಧವನ್ನು ಅವಳು ಮುಟ್ಟಬೇಕಾಗಿಯೇ ಬರಲಿಲ್ಲ. ಮೇಲೊಂದು ತೆಳು ನೀಲಿ ಹಾಯಿಸಿದರೆ ಸಾಕಾಯಿತು.

ನೀರಿಗೆ ಮಾತ್ರ ಅಷ್ಟು ಸಾಲದು. ಗಾಳಿಗೆ ಕದಡಿದ ನೀರು ಬೋಟುಗಳ ಪ್ರತಿಬಿಂಬವನ್ನು ಚೂರುಚೂರು ಮಾಡುತ್ತದೆ. ಗಾಳಿ ನಿಂತ ನೀರಿನಲ್ಲಿ ಪ್ರತಿ ಕಂಬದ ಬಿಂಬ ಅದರ ನೇರ ಕೆಳಗೆ ಇಳಿಯಬೇಕು, ಬಿಸಿಲು ತಾಗಿದ ತುದಿಯೂ ಬಿಂಬದಲ್ಲಿ ಹೊಳೆಯಬೇಕು. ಇಲ್ಲಿ ನೆರಳಿನ ನಿಯಮ ನಡೆಯುವುದಿಲ್ಲ: ಸೂರ್ಯ ಎಲ್ಲೇ ಇರಲಿ, ಬಿಂಬ ಕೆಳಗೇ. ಸಂಜೆಯ ಚಿತ್ರಗಳಲ್ಲಿ ನೀರಿನ ಮೇಲೆ ಕಾಣುವ ಹೊಳೆಯುವ ದಾರಿಯಂತೂ ಇಲ್ಲಿ ಬರುವ ಹಾಗೇ ಇಲ್ಲ. ಅದು ಯಾವಾಗಲೂ ನೋಡುವವರಿಂದ ಸೂರ್ಯನ ದಿಕ್ಕಿಗೆ ಚಾಚಿರುತ್ತದೆ, ಸೂರ್ಯನೋ ಬೆನ್ನ ಹಿಂದಿದ್ದಾನೆ.

ಇಷ್ಟಾದ ಮೇಲೆ ಚಿತ್ರ ಮತ್ತೆ ಅಜ್ಜನ ಎದುರಿಗೆ. ಅವರು ಬೆಳಕನ್ನು ನೋಡುವುದಿಲ್ಲ, ಬೋಟು ನೋಡುತ್ತಾರೆ. ಬಾವುಟಗಳು ಇನ್ನೂ ಗಾಳಿಗೆ ಅಡ್ಡಡ್ಡ ಹಾರುತ್ತಿವೆ, ಅವನ್ನು ಇಳಿಬಿಡಿಸಬೇಕು. ಹಗ್ಗಗಳೆಲ್ಲ ಎರಡೆರಡು, ಬಲೆಗಳ ಮೇಲೆ ಟಾರ್ಪಾಲು, ಬೋಟುಗಳ ನಡುವೆ ಹಳೆಯ ಟಯರು. “ಇಷ್ಟು ಒಳ್ಳೆ ಬೆಳಗಿಗೆ ಎಲ್ಲ ಬೋಟೂ ದಕ್ಕೆಯಲ್ಲಿ ಯಾಕೆ?” ಎಂಬುದು ಅವರ ಪ್ರಶ್ನೆ. ಸೀಸನ್ನಿನ ದಿನವಾಗಿದ್ದರೆ ಅಷ್ಟು ಬೋಟು ಕಟ್ಟಿ ನಿಲ್ಲುತ್ತಿರಲಿಲ್ಲ. ದಕ್ಕೆಯಲ್ಲಿ ಮೀನು ಇಳಿಸುವವರು, ಏಲಂ ಕೂಗುವವರು ತುಂಬಿರುತ್ತಿದ್ದರು. ಯಾಂತ್ರಿಕ ಬೋಟುಗಳಿಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗೆ ಎಲ್ಲವೂ ದಕ್ಕೆಯಲ್ಲಿರುತ್ತವೆ ನಿಜ, ಆದರೆ ಆ ಮಳೆಗಾಲದಲ್ಲಿ ಇಂಥ ತಿಳಿ ಆಕಾಶ ಅಪರೂಪ.

ದಾರಿ ತೋರಿದವರೂ ಅಜ್ಜನೇ. ತೌಕ್ತೆ ಮೇ 17ರ ರಾತ್ರಿ ಗುಜರಾತಿನ ತೀರಕ್ಕೆ ಅಪ್ಪಳಿಸಿತು. ಚಿತ್ರದ ಬೆಳಗು ಅದರ ಒಂದೆರಡು ದಿನ ಆಚೆಯದಾದರೆ ಎಲ್ಲವೂ ಹೊಂದುತ್ತದೆ: ಆಕಾಶ ತಿಳಿಯಾಗಿದೆ, ಬೋಟುಗಳನ್ನು ಇನ್ನೂ ಬಿಚ್ಚಿಲ್ಲ. ಹಗ್ಗ, ಟಾರ್ಪಾಲು, ಟಯರು ಇದ್ದ ಹಾಗೇ ಇರಬಹುದು. ಅವರು ಸೇರಿಸಲು ಹೇಳಿದ್ದು ಎರಡೇ. ನೀರಿಗೆ ನೀಲಿಯ ಬದಲು ಮಣ್ಣಿನ ಬಣ್ಣ, ಮಳೆಗೆ ಹೊಳೆ ತಂದ ಕೆಸರು ಅಷ್ಟು ಬೇಗ ತಿಳಿಯಾಗುವುದಿಲ್ಲ. ಮತ್ತೆ ದೂರದಲ್ಲಿ, ಅಳಿವೆಯ ಬಾಯಲ್ಲಿ, ಒಂದು ಬಿಳಿ ನೊರೆಗೆರೆ. ಗಾಳಿ ನಿಂತರೂ ದೂರದ ಗಾಳಿ ಎಬ್ಬಿಸಿದ ಉಬ್ಬರದಲೆಗಳು ಬರುತ್ತಲೇ ಇರುತ್ತವೆ. ಒಳಗೆ ಬಂದರು ಕನ್ನಡಿಯಂತಿದ್ದರೂ ಅಳಿವೆಯ ಆಳವಿಲ್ಲದ ಜಾಗದಲ್ಲಿ ಅವು ಒಡೆಯುತ್ತವೆ. ಅನುಭವಸ್ಥರು ಅಂಥ ದಿನ ಆಕಾಶ ನೋಡಿ ಹೊರಡುವುದಿಲ್ಲ, ಆ ಗೆರೆ ನೋಡಿ ನಿರ್ಧರಿಸುತ್ತಾರೆ.

ಕಡಲ ಚಿತ್ರಕ್ಕೆ ಬೇರೆ ಆಕಾಶ ಜೋಡಿಸುವುದು ಫೋಟೊಗ್ರಫಿಯಷ್ಟೇ ಹಳೆಯ ಕೆಲಸ. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1856–57ರ ಹೊತ್ತಿಗೇ ಕಡಲಿಗೊಂದು, ಮೋಡಕ್ಕೊಂದು ಎಂದು ಎರಡು ನೆಗೆಟಿವ್ ತೆಗೆದು, ದಿಗಂತದ ಗೆರೆಯಲ್ಲಿ ಬೆಸೆದು ಒಂದೇ ಪ್ರಿಂಟ್ ಮಾಡುತ್ತಿದ್ದ. ಆಗಿನ ಗಾಜಿನ ಫಲಕಗಳಿಗೆ ನೀಲಿ ಬೆಳಕು ಅತಿಯಾಗಿ ತಾಗುತ್ತಿತ್ತು. ಕಡಲು ಸರಿಯಾಗಿ ಬಂದರೆ ಆಕಾಶ ಬರೀ ಬಿಳಿ ಹಾಳೆಯಾಗುತ್ತಿತ್ತು. ಅವನ ಒಂದೇ ಮೋಡ ಬೇರೆ ಬೇರೆ ಕಡಲುಗಳ ಮೇಲೆ ಕಾಣಿಸಿಕೊಂಡಿದೆ. ಪಕ್ಕಪಕ್ಕ ಇಟ್ಟು ನೋಡಿದರಷ್ಟೇ ಅದು ಗೊತ್ತಾಗುವುದು.

ಅಜ್ಜ ಕೊನೆಯಲ್ಲಿ ಒಂದು ಷರತ್ತು ಹಾಕುತ್ತಾರೆ. ಚಿತ್ರದ ಬೆನ್ನಿಗೆ ಎರಡು ಸಾಲು ಬರೆಯಬೇಕು: ಫೋಟೊ ತೆಗೆದ ದಿನ, ಬಣ್ಣ ಹಚ್ಚಿದ ದಿನ. ಮೂಲ ಫೋಟೊವನ್ನು ಬೇರೆಯೇ ಇಡಬೇಕು. ಯಾವ ಬೋಟು ಎಲ್ಲಿ ಕಟ್ಟಿತ್ತು, ಯಾವುದಕ್ಕೆ ಯಾವುದು ಬಡಿಯಿತು ಎಂದು ಮುಂದೆ ಯಾರಾದರೂ ಕೇಳಿದರೆ ಉತ್ತರ ಸಿಗುವುದು ಆ ಬೂದಿ ಫೋಟೊದಲ್ಲಿ. ಬಣ್ಣದ್ದು ಗೋಡೆಗೆ.