ಐದು ವರ್ಷದ ರಸೀದಿ, ಒಂದು ಪುಟದ ಪತ್ರ

ರಾಜಾಜಿನಗರದಲ್ಲಿ ಹನ್ನೆರಡು ಮನೆಗಳ ಒಂದು ಹಳೆಯ ಅಪಾರ್ಟ್‌ಮೆಂಟು. ಅದರ ಎರಡನೇ ಮಹಡಿಯಲ್ಲಿ ನನ್ನ ತಂಗಿಯ ಸಂಸಾರ 2020ರ ಜೂನ್‌ನಿಂದ ಬಾಡಿಗೆಗಿದೆ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಮನೆ ಮಾಲೀಕರು ಬಂದು, ಡಿಸೆಂಬರ್‌ನಿಂದ ಬಾಡಿಗೆ 18,500ರ ಬದಲು 23,000 ಆಗಬೇಕು, ಹತ್ತು ತಿಂಗಳ ಲೆಕ್ಕದಲ್ಲಿ ಅಡ್ವಾನ್ಸೂ ಅಷ್ಟಕ್ಕೆ ಏರಬೇಕು ಎಂದರು. “ಐದು ವರ್ಷದಲ್ಲಿ ನಾನು ಜಾಸ್ತಿ ಮಾಡಿರೋದು ಬರೀ ಎರಡೂವರೆ ಸಾವಿರ ಕಣಮ್ಮ” ಎಂದದ್ದಕ್ಕೆ ತಂಗಿಗೆ ಉತ್ತರ ಹೊಳೆಯಲಿಲ್ಲ. ಆ ಮಾತು ಸುಳ್ಳೂ ಆಗಿರಲಿಲ್ಲ. 2020ರಲ್ಲಿ ಬಾಡಿಗೆ 16,000 ಇತ್ತು.

ರಾತ್ರಿ ನನಗೆ ಫೋನ್ ಮಾಡಿ, “ಏನಂತ ಹೇಳಲಿ ಅಣ್ಣ?” ಎಂದಳು. ರಸೀದಿಗಳನ್ನು ಇಟ್ಟಿದ್ದೀಯಾ ಎಂದು ಕೇಳಿದೆ. ಗಂಡನ ಆಫೀಸಿಗೆ ಎಚ್‌ಆರ್‌ಎ ಲೆಕ್ಕಕ್ಕೆ ಕೊಡಬೇಕಿದ್ದರಿಂದ ಎಲ್ಲವನ್ನೂ ಒಂದು ಫೈಲಿನಲ್ಲಿಟ್ಟಿದ್ದಳು. 64 ತಿಂಗಳಲ್ಲಿ 61ರ ರಸೀದಿ ಸಿಕ್ಕಿತು. ಎರಡನೇ ಲಾಕ್‌ಡೌನಿನ ಮೂರು ತಿಂಗಳದ್ದು ಇರಲಿಲ್ಲ. ಆ ಹಣ ಬ್ಯಾಂಕಿನಿಂದಲೇ ಹೋಗಿತ್ತು, ಸ್ಟೇಟ್‌ಮೆಂಟಿನ ಮೂರು ಸಾಲು ಆ ಜಾಗ ತುಂಬಿತು.

ಮುಂದೆ ಹೋಗುವ ಮೊದಲು ಒಂದು ವಿಷಯ. ಇಂಥ ಪತ್ರದಲ್ಲಿ “ಕಾನೂನಿನ ಪ್ರಕಾರ ಇಷ್ಟೇ ಏರಿಸಬೇಕು” ಎಂದು ಬರೆಯುವವರಿದ್ದಾರೆ. ಅದು ನಿಲ್ಲುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಇಂದಿನ ಹೆಚ್ಚುಕಡಿಮೆ ಎಲ್ಲ ಮನೆಗಳೂ ಅದರ ಹೊರಗೇ. ಉಳಿಯುವುದು ಕರಾರುಪತ್ರ. ಅದೂ ಹನ್ನೊಂದು ತಿಂಗಳದ್ದು, ಏಕೆಂದರೆ ಒಂದು ವರ್ಷಕ್ಕೂ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕಾಗುತ್ತದೆ. ಅವಧಿ ಮುಗಿದ ಮೇಲೆ ಹಳೆಯ ಬಾಡಿಗೆಗೇ ಒಪ್ಪಬೇಕೆಂಬ ಕಟ್ಟು ಮಾಲೀಕರಿಗಿಲ್ಲ. ಆದ್ದರಿಂದ ಪತ್ರ ಹಕ್ಕು ಸಾಧಿಸುವ ನೋಟಿಸ್ ಆಗಬಾರದು, ಎದುರು ಕೂತು ತೋರಿಸುವ ಲೆಕ್ಕವಾಗಬೇಕು.

ರಸೀದಿಗಳನ್ನು ತಿಂಗಳವಾರು ಜೋಡಿಸಿದಾಗ ಬಾಡಿಗೆಯ ಕಥೆ ಸರಳವಾಗಿಯೇ ಕಂಡಿತು. 2021ರ ಮೇನಲ್ಲಿ ಕರಾರು ಹೊಸದಾದರೂ ಏರಿಕೆಯಿಲ್ಲ. 2022ರ ಏಪ್ರಿಲ್‌ನಿಂದ 16,800, 2023ರ ಮಾರ್ಚ್‌ನಿಂದ 17,600, 2024ರ ಫೆಬ್ರವರಿಯಿಂದ 18,500. 2025ರ ಜನವರಿಯಲ್ಲಿ ಮತ್ತೆ ಏರಿಕೆಯಿಲ್ಲ. ಕರಾರಿನ ತಿಂಗಳು ಪ್ರತಿ ಸಲವೂ ಒಂದೊಂದು ಹಿಂದಕ್ಕೆ ಸರಿಯುತ್ತಿದೆ. ವರ್ಷಕ್ಕೊಮ್ಮೆ ಎಂದುಕೊಳ್ಳುವ ಏರಿಕೆ ನಿಜಕ್ಕೂ ಬರುವುದು ಹನ್ನೊಂದು ತಿಂಗಳಿಗೊಮ್ಮೆ.

ಆದರೆ ಬಾಡಿಗೆಯ ರಸೀದಿ ಅರ್ಧ ಕಥೆ ಮಾತ್ರ. ಇನ್ನರ್ಧ ಅಸೋಸಿಯೇಷನ್ನಿನ ಸುತ್ತೋಲೆಗಳಲ್ಲಿತ್ತು. 2020ರಲ್ಲಿ ಮೇಂಟೆನೆನ್ಸ್ 1,200 ರೂಪಾಯಿ. ಅದು ಬಾಡಿಗೆಯಲ್ಲೇ ಸೇರಿತ್ತು, ಮಾಲೀಕರೇ ಕಟ್ಟುತ್ತಿದ್ದರು. 2023ರ ಮಾರ್ಚ್‌ನಿಂದ ಅದು ತಂಗಿಯ ತಲೆಗೆ ಬಂತು, ಆಗ 1,500. ಮರುವರ್ಷದ ಬೇಸಿಗೆ ಬೆಂಗಳೂರಿನವರಿಗೆ ನೆನಪಿದೆ: ಬೋರ್‌ವೆಲ್ ಬತ್ತಿ, ಟ್ಯಾಂಕರ್ ನೀರು ಬಂದು, ಮೇಂಟೆನೆನ್ಸ್ 2,000 ಆಯಿತು. ಬರುವ ಡಿಸೆಂಬರ್‌ನಿಂದ 2,500 ಎಂಬ ಸುತ್ತೋಲೆಯೂ ಬಂದಿತ್ತು.

ಎರಡನ್ನೂ ಸೇರಿಸಿದರೆ ಮಾಲೀಕರ ಮಾತಿನ ಅರ್ಥವೇ ಬದಲಾಗುತ್ತದೆ. 2020ರಲ್ಲಿ ಅವರ ಕೈಯಲ್ಲಿ ಉಳಿಯುತ್ತಿದ್ದದ್ದು 16,000ದಲ್ಲಿ 1,200 ಕಳೆದು 14,800. ಈಗ ಪೂರ್ತಿ 18,500 ಉಳಿಯುತ್ತದೆ. ಏರಿದ್ದು 3,700, ಅಂದರೆ ನೂರಕ್ಕೆ 25. ತಂಗಿಯ ಕೈಯಿಂದ ಹೋಗುತ್ತಿದ್ದ 16,000 ಈಗ 20,500 ಆಗಿದೆ, ನೂರಕ್ಕೆ 28. ಮಾಲೀಕರು ಮೋಸ ಮಾಡಿರಲಿಲ್ಲ. ಅವರು ರಸೀದಿಯ ಮೊತ್ತವನ್ನಷ್ಟೇ ನೋಡಿದ್ದರು, ತಂಗಿಯೂ ಅಷ್ಟನ್ನೇ ನೋಡಿದ್ದಳು.

ಎಲ್ಲರ ರಸೀದಿಯಲ್ಲೂ ಇದು ಇಷ್ಟು ಸಲೀಸಾಗಿ ಬಿಡಿಸಿಕೊಳ್ಳುವುದಿಲ್ಲ. ಕೆಲವರು ಬಾಡಿಗೆ, ಮೇಂಟೆನೆನ್ಸ್ ಎರಡನ್ನೂ ಕೂಡಿಸಿ ಒಂದೇ ಮೊತ್ತ ಬರೆಯುತ್ತಾರೆ. ಆಗ ಎಲ್ಲೋ ಒಂದು ತಿಂಗಳು ಮೊತ್ತ ದಿಢೀರನೆ ಸಾವಿರ, ಸಾವಿರದೈನೂರು ಹಾರಿದ್ದು ಕಂಡರೆ, ಅದೇ ತಿಂಗಳ ಸುತ್ತೋಲೆ ಹುಡುಕಬೇಕು. ಕರಾರು ಹೊಸದಾಗುವ ತಿಂಗಳಲ್ಲದೆ ಬೇರೆ ತಿಂಗಳಲ್ಲಿ ಹಾರಿದ್ದರೆ ಅದು ಬಹುಮಟ್ಟಿಗೆ ಮೇಂಟೆನೆನ್ಸೇ.

ರಿಪೇರಿಯ ಲೆಕ್ಕದಲ್ಲಿ ತಂಗಿಗೂ ನನಗೂ ಚರ್ಚೆಯಾಯಿತು. ಐದು ವರ್ಷದಲ್ಲಿ ನಲ್ಲಿ, ಟ್ಯೂಬ್‌ಲೈಟು, ಸಿಂಕಿನ ಪೈಪು ಎಂದು ಖರ್ಚು ಮಾಡಿದ್ದೆಲ್ಲ ಬರೆಯಬೇಕೆಂದಳು. ಬೇಡ ಎಂದೆ. ಬಳಸುವವರ ಕೈಯಲ್ಲಿ ಸವೆದದ್ದು ಬಳಸುವವರದ್ದೇ. ಪಟ್ಟಿ ಉದ್ದವಾದಷ್ಟೂ ಓದುವವರಿಗೆ ಜಗಳದ ವಾಸನೆ ಬರುತ್ತದೆ. ಗೋಡೆಯೊಳಗಿನ ಪೈಪು ಸೋರಿ ಬಾತ್‌ರೂಮಿನ ಗೋಡೆ ಒದ್ದೆಯಾಗಿರುವುದು ಮಾತ್ರ ಬೇರೆ, ಅದು ಕಟ್ಟಡದ್ದು. ಹಾಗೆಯೇ 2024ರಲ್ಲಿ ಬೋರ್‌ವೆಲ್ ಕೆಲಸಕ್ಕೆ ಅಸೋಸಿಯೇಷನ್ ಮನೆಗೆ 15,000 ಕೇಳಿದಾಗ ಮಾಲೀಕರೇ ಕೊಟ್ಟಿದ್ದರು. ಅದನ್ನೂ ಬರೆಯಲೇಬೇಕೆಂದೆ. ಅವರ ಖರ್ಚನ್ನು ಮರೆತ ಲೆಕ್ಕವನ್ನು ಅವರು ನಂಬುವುದು ಹೇಗೆ?

ಕೊನೆಗೆ ತಂಗಿ ಬರೆದ ಪತ್ರ ಇದು:

“ಮಾನ್ಯರಿಗೆ ನಮಸ್ಕಾರಗಳು. ಡಿಸೆಂಬರ್‌ನಿಂದ ಬಾಡಿಗೆ 23,000 ಆಗಬೇಕೆಂದು ತಿಳಿಸಿದ್ದೀರಿ. ಏರಿಕೆ ಬೇಡವೆಂದು ನಾವು ಹೇಳುತ್ತಿಲ್ಲ. 2021ರಲ್ಲೂ ಈ ವರ್ಷವೂ ನೀವು ಬಾಡಿಗೆ ಏರಿಸಲಿಲ್ಲ, ಬೋರ್‌ವೆಲ್ ಕೆಲಸದ 15,000 ನೀವೇ ಕೊಟ್ಟಿರಿ. ಇದು ನಮ್ಮ ನೆನಪಿನಲ್ಲಿದೆ.

ಐದು ವರ್ಷದ ರಸೀದಿಗಳ ಪ್ರತಿ ಮತ್ತು ಅಸೋಸಿಯೇಷನ್ ಸುತ್ತೋಲೆಗಳನ್ನು ಲಗತ್ತಿಸಿದ್ದೇನೆ. 2020ರಲ್ಲಿ ಮೇಂಟೆನೆನ್ಸ್ ಸೇರಿ 16,000 ಕೊಡುತ್ತಿದ್ದೆವು. ಈಗ ಬಾಡಿಗೆ 18,500, ಮೇಂಟೆನೆನ್ಸ್ 2,000, ಒಟ್ಟು 20,500. ಡಿಸೆಂಬರ್‌ನಿಂದ ಮೇಂಟೆನೆನ್ಸ್ ಮತ್ತೆ 500 ಏರುತ್ತದೆ, ಅದನ್ನು ನಾವೇ ಕಟ್ಟುತ್ತೇವೆ. ಬಾಡಿಗೆಯನ್ನು ಡಿಸೆಂಬರ್‌ನಿಂದ 19,500, ಅದರ ಮುಂದಿನ ಕರಾರಿಗೆ 20,500 ಮಾಡಬೇಕೆಂದು ಕೋರುತ್ತೇವೆ. ಅಡ್ವಾನ್ಸ್ 1,60,000 ಹಾಗೆಯೇ ಇರಲಿ. ಬಾತ್‌ರೂಮಿನ ಗೋಡೆಯ ಪೈಪನ್ನು ಕರಾರಿಗೆ ಮೊದಲು ಸರಿಪಡಿಸಿಕೊಡಿ. ನಿಮಗೆ ಅನುಕೂಲವಾದ ಭಾನುವಾರ ಬಂದು ಮಾತಾಡುತ್ತೇವೆ.”

ಅಡ್ವಾನ್ಸಿನ ಸಾಲನ್ನು ತಂಗಿ ಮೊದಲು ಬಿಟ್ಟಿದ್ದಳು. ಹೆಚ್ಚುವರಿ 70,000ಕ್ಕೆ ಬಡ್ಡಿ ನೂರಕ್ಕೆ 6 ಎಂದಿಟ್ಟರೂ ತಿಂಗಳಿಗೆ 350 ರೂಪಾಯಿ. ಅದು ಹೆಸರಿಲ್ಲದ ಇನ್ನೊಂದು ಬಾಡಿಗೆ ಏರಿಕೆ. ಇನ್ನೊಂದು ಮಾತನ್ನು ಬೇಕೆಂದೇ ಬಿಟ್ಟೆವು. ತಂಗಿ ಮನೆ ಬಿಟ್ಟರೆ ಮಾಲೀಕರು 1,60,000 ಹಿಂತಿರುಗಿಸಬೇಕು, ಮನೆ ಒಂದು ತಿಂಗಳು ಖಾಲಿ ಬಿದ್ದರೂ 23,000 ಹೋಯಿತು. ಇದು ಅವರಿಗೆ ಗೊತ್ತಿಲ್ಲದ ವಿಷಯವಲ್ಲ. ಕಾಗದದ ಮೇಲೆ ಬಂದರೆ ಬೆದರಿಕೆಯಾಗುತ್ತದೆ.

ಈ ಲೆಕ್ಕಕ್ಕೊಂದು ಮಿತಿಯಿದೆ. ಅದೇ ರಸ್ತೆಯಲ್ಲಿ ಅಂಥದೇ ಮನೆಗಳು 23,000ಕ್ಕೆ ಹೋಗುತ್ತಿದ್ದರೆ, ರಸೀದಿ ಎಷ್ಟು ಚೆನ್ನಾಗಿ ಜೋಡಿಸಿದರೂ ಮಾಲೀಕರು ಹೊಸಬರನ್ನು ಹುಡುಕಬಹುದು. ಅದಕ್ಕೇ ಪತ್ರ ಕೊಡುವ ಮೊದಲು ತಂಗಿ ಪಕ್ಕದ ಎರಡು ಕಟ್ಟಡಗಳಲ್ಲಿ ವಿಚಾರಿಸಿದ್ದಳು. 21,000ದಿಂದ 22,000 ನಡೆಯುತ್ತಿತ್ತು. ತಾನು ಎಲ್ಲಿಯವರೆಗೆ ಏರಬಹುದು ಎಂಬುದು ಅವಳಿಗೆ ಅಲ್ಲೇ ತಿಳಿಯಿತು.

ಅಕ್ಟೋಬರ್ ಎರಡನೇ ಭಾನುವಾರ ಮಾಲೀಕರು ಕನ್ನಡಕ ಹಾಕಿಕೊಂಡು ಸುತ್ತೋಲೆಗಳನ್ನು ಒಂದೊಂದಾಗಿ ನೋಡಿದರಂತೆ. “ಮೇಂಟೆನೆನ್ಸ್ ನಾನೇ ಕಟ್ತಿದ್ದೆ ಅನ್ನೋದು ಮರೆತೇಹೋಗಿತ್ತು” ಎಂದರಂತೆ. 21,000ಕ್ಕೆ ಇಳಿದರು, ತಂಗಿ 19,500ರಲ್ಲಿ ನಿಂತಳು, 20,000ಕ್ಕೆ ಮುಗಿಯಿತು. ಅಡ್ವಾನ್ಸ್ ಹಳೆಯದೇ. ತಿಂಗಳ ಮೇಂಟೆನೆನ್ಸ್ ಬಾಡಿಗೆದಾರರದ್ದು, ಅಸೋಸಿಯೇಷನ್ ಒಮ್ಮೆಗೆ ಕೇಳುವ ದೊಡ್ಡ ಮೊತ್ತ ಮಾಲೀಕರದ್ದು ಎಂಬ ಸಾಲು ಹೊಸ ಕರಾರಿಗೆ ಸೇರಿತು. ಬಾತ್‌ರೂಮಿನ ಗೋಡೆ ಒಡೆದು ಪೈಪು ಬದಲಾಯಿಸಲು ಪ್ಲಂಬರ್ ನವೆಂಬರ್‌ನಲ್ಲಿ ಬಂದ. ಡಿಸೆಂಬರ್‌ನ ರಸೀದಿಯಲ್ಲಿ ಬಾಡಿಗೆಗೊಂದು ಸಾಲು, ಮೇಂಟೆನೆನ್ಸಿಗೊಂದು ಸಾಲು ಇದೆ.