ಒಂದು ರಾತ್ರಿಯ ಸಾಲ, ಹತ್ತು ವರ್ಷದ ಬಾಂಡ್

ರಿಸರ್ವ್ ಬ್ಯಾಂಕ್ ಸರ್ಕಾರಿ ಬಾಂಡ್‌ಗಳನ್ನು ಸಾಮಾನ್ಯವಾಗಿ ಶುಕ್ರವಾರ ಹರಾಜು ಹಾಕುತ್ತದೆ. ಅಲ್ಲಿ ಕೊಳ್ಳಲೇಬೇಕಾದ ಹೊಣೆ ಹೊತ್ತ ಸಂಸ್ಥೆಗಳೇ ಪ್ರೈಮರಿ ಡೀಲರ್‌ಗಳು. ಅಂಥದೊಂದು ಸಂಸ್ಥೆ ಶೇ 7 ಬಡ್ಡಿಯ, ಹತ್ತು ವರ್ಷದ 100 ಕೋಟಿ ರೂಪಾಯಿ ಬಾಂಡ್ ಕೊಂಡಿತು ಎನ್ನಿ. ಸೋಮವಾರ ದುಡ್ಡು ಕಟ್ಟಬೇಕು. ಕೈಯಲ್ಲಿರುವುದು 2 ಕೋಟಿ.

ಉಳಿದ 98 ಕೋಟಿ ಬರುವುದು ರೆಪೊ ಮಾರುಕಟ್ಟೆಯಿಂದ. ಡೀಲರ್ ಬಾಂಡನ್ನು ಇವತ್ತು ಮಾರಿ, ನಾಳೆ ತುಸು ಹೆಚ್ಚು ಬೆಲೆಗೆ ವಾಪಸ್ ಕೊಳ್ಳುವುದಾಗಿ ಒಪ್ಪುತ್ತಾನೆ. ಆ ಹೆಚ್ಚುವರಿಯೇ ಬಡ್ಡಿ. ಚಿನ್ನ ಅಡ ಇಟ್ಟಾಗ ಪೂರ್ತಿ ಬೆಲೆಗೆ ಸಾಲ ಸಿಗುವುದಿಲ್ಲವಲ್ಲ, ಹಾಗೆಯೇ ಇಲ್ಲಿ 2 ಕೋಟಿ ಮುರಿದುಕೊಂಡಿದ್ದಾರೆ. ಪೇಟೆಯಲ್ಲಿ ಇದಕ್ಕೆ ಹೇರ್‌ಕಟ್ ಎನ್ನುತ್ತಾರೆ. ಸಾಲ ಕೊಡುವವರಲ್ಲಿ ಬ್ಯಾಂಕುಗಳಿವೆ, ಮ್ಯೂಚುವಲ್ ಫಂಡ್‌ಗಳೂ ಇವೆ. ನೀವು ಲಿಕ್ವಿಡ್ ಫಂಡಿಗೆ ಹಾಕಿದ ದುಡ್ಡಿನ ಒಂದು ಪಾಲು ಹೀಗೇ ರಾತ್ರಿ ಕಳೆಯುತ್ತದೆ. ಅಡಮಾನವಿಲ್ಲದ ಕಾಲ್ ಮನಿ ಪೇಟೆಯೂ ಉಂಟು, ಆದರೆ ಮ್ಯೂಚುವಲ್ ಫಂಡ್‌ಗಳಿಗೆ ಅಲ್ಲಿ ಪ್ರವೇಶವಿಲ್ಲ.

ರೆಪೊ ಬಡ್ಡಿ ಶೇ 6 ಇದ್ದರೆ ದಿನಕ್ಕೆ ಸುಮಾರು 1.61 ಲಕ್ಷ ರೂಪಾಯಿ ಖರ್ಚು. ಬಾಂಡ್ ದಿನಕ್ಕೆ ದುಡಿಯುವುದು 1.92 ಲಕ್ಷ. ಕೈಗೆ ಉಳಿಯುವುದು 31 ಸಾವಿರದಷ್ಟು. ಬಾಂಡನ್ನು ಮಾರುವ ತನಕ ಈ ಸಾಲವನ್ನು ಪ್ರತಿದಿನ ತೀರಿಸಿ, ಮತ್ತೆ ಹೊಸದಾಗಿ ಎತ್ತಬೇಕು.

ತೊಂದರೆ ಇರುವುದು ಬಡ್ಡಿಗಿಂತ ಹೆಚ್ಚಾಗಿ ಬಾಂಡಿನ ಬೆಲೆಯಲ್ಲಿ. ಪೇಟೆಯ ಬಡ್ಡಿದರ ಶೇ 0.10ರಷ್ಟು ಏರಿದರೂ ಸಾಕು, ಹತ್ತು ವರ್ಷದ ಬಾಂಡಿನ ಬೆಲೆ ಸುಮಾರು 70 ಲಕ್ಷ ಇಳಿಯುತ್ತದೆ. ಏಳು ತಿಂಗಳಿಗೂ ಮೀರಿದ ದಿನಗೂಲಿ ಒಂದೇ ಮಧ್ಯಾಹ್ನ ಹೋಯಿತು! ಮರುದಿನ 99.30 ಕೋಟಿಯ ಬಾಂಡಿಗೆ 97.31 ಕೋಟಿಯಷ್ಟೇ ಸಾಲ ಸಿಗುತ್ತದೆ. ಕೊರತೆ ಬಿದ್ದ 69 ಲಕ್ಷವನ್ನು ಡೀಲರ್ ಅಂದೇ ನಗದಾಗಿ ಹೊಂದಿಸಬೇಕು.

2013ರ ಜುಲೈನಲ್ಲಿ ಎರಡು ಏಟೂ ಒಟ್ಟಿಗೇ ಬಿದ್ದವು. ರೂಪಾಯಿ ಕುಸಿತ ತಡೆಯಲು ರಿಸರ್ವ್ ಬ್ಯಾಂಕ್ ತನ್ನ ತುರ್ತು ಸಾಲದ ದರವನ್ನು ಶೇ 8.25ರಿಂದ 10.25ಕ್ಕೆ ಏರಿಸಿತು, ರೆಪೊದಲ್ಲಿ ಬ್ಯಾಂಕುಗಳಿಗೆ ಕೊಡುವ ಹಣಕ್ಕೂ ಮಿತಿ ಹಾಕಿತು. ಪತ್ರಿಕೆಗಳಲ್ಲಿ ಕಾಣುವ ರೆಪೊ ದರ ಮಾತ್ರ ಶೇ 7.25ರಲ್ಲೇ ಇತ್ತು. ಪೇಟೆಯ ಒಂದು ದಿನದ ಸಾಲ ಶೇ 10ರ ಆಸುಪಾಸಿಗೆ ಜಿಗಿಯಿತು. ಆ ದರದಲ್ಲಿ ನಮ್ಮ ಡೀಲರ್ ಬಾಂಡ್ ಹಿಡಿದುಕೊಂಡಿದ್ದರೆ ದಿನಕ್ಕೆ ಸುಮಾರು 77 ಸಾವಿರ ನಷ್ಟ. ಬೆಲೆ ಕುಸಿತದ ಲೆಕ್ಕ ಬೇರೆ. ಮಾರಿಬಿಡೋಣವೆಂದರೆ ಉಳಿದವರೂ ಮಾರಲು ನಿಂತಿರುತ್ತಾರೆ. ಅದರಿಂದ ಬೆಲೆ ಇನ್ನಷ್ಟು ಇಳಿದು, ಮಾರನೆಯ ಬೆಳಿಗ್ಗೆ ಹೊಂದಿಸಬೇಕಾದ ನಗದು ಇನ್ನಷ್ಟು ಬೆಳೆಯುತ್ತದೆ.